ವಾಕಿಂಗ್ ಶುರು ಮಾಡಿದ ಗೆಳತಿಗೆ ಉಡುಗೊರೆ: ತೂಕದ ಮಾತು ಬರದಂತೆ ಆರಿಸುವುದು ಹೇಗೆ

"ಫ್ರೆಂಡ್ ಹೊಸದಾಗಿ ವಾಕಿಂಗ್ ಹೋಗ್ತಿದ್ದಾಳೆ, ಮುಂದಿನ ತಿಂಗಳು ಬರ್ತ್‌ಡೇ. ಅದಕ್ಕೆ ಅನುಕೂಲ ಆಗೋ ಏನಾದ್ರೂ ಕೊಡೋಣ ಅಂತ. ಆದ್ರೆ 'ನಾನು ದಪ್ಪ ಇದ್ದೀನಿ ಅಂತ ಹೇಳ್ತಿದ್ದೀಯಾ' ಅಂತ ಬೇಜಾರು ಮಾಡ್ಕೊಂಡ್ರೆ?" ಒಂದೊಂದು ಸಲ ವಾಕಿಂಗ್ ಬದಲು ಜಿಮ್, ಗೆಳತಿಯ ಬದಲು ಭಾವ ಎಂದಿರುತ್ತದೆ. ಪ್ರಶ್ನೆ ಮಾತ್ರ ಇದೇ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಒಮ್ಮೆಗೇ ಬರೆದಿಡುತ್ತಿದ್ದೇನೆ.

ನಿಮ್ಮ ಹಿಂಜರಿಕೆಗೆ ಕಾರಣವಿದೆ. ನಮ್ಮಲ್ಲಿ ಮದುವೆಮನೆಯಲ್ಲಿ ಎದುರಾದ ದೂರದ ಅತ್ತೆ ಕೂಡ "ಏನೇ, ಊದ್ಕೊಂಡಿದ್ದೀಯಾ" ಎಂದೇ ಕುಶಲ ವಿಚಾರಿಸುತ್ತಾರೆ. ಅಂಥ ಮಾತು ಕೇಳಿ ಕೇಳಿ ಬೆಳೆದವಳ ಕೈಗೆ ವ್ಯಾಯಾಮದ ಸಾಮಾನು ಇಟ್ಟರೆ ಅವಳಿಗೆ ಆ ಮಾತೇ ನೆನಪಾಗಬಹುದು. ಹಾಗಾಗದಂತೆ ಆರಿಸಲು ದೊಡ್ಡ ಬಜೆಟ್ಟೇನೂ ಬೇಡ. ಅವಳ ವಾಕಿಂಗ್ ಹೇಗೆ ನಡೆಯುತ್ತಿದೆ ಎನ್ನುವುದು ನಿಮಗೆ ಸ್ವಲ್ಪ ಗೊತ್ತಿರಬೇಕು, ಅಷ್ಟೆ.

ಅಂಗಡಿಯಲ್ಲಿ ನಿಂತಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಹತ್ತು ವರ್ಷದಿಂದ ಓಡುತ್ತಿರುವ, ಕಡ್ಡಿಯಂತಿರುವ ಒಬ್ಬರಿಗೆ ಇದನ್ನೇ ಕೊಟ್ಟರೆ ಅವರಿಗೆ ಉಪಯೋಗವಾಗುತ್ತದೆಯೇ? ಒಳ್ಳೆಯ ಸಾಕ್ಸ್ ಅವರಿಗೂ ಬೇಕು, ನೀರಿನ ಬಾಟಲಿ ಅವರಿಗೂ ಬೇಕು. ಹೊಟ್ಟೆಗೆ ಕಟ್ಟಿಕೊಳ್ಳುವ 'ಸ್ಲಿಮ್ಮಿಂಗ್ ಬೆಲ್ಟ್' ಕೊಟ್ಟರೆ ನಿಮ್ಮ ಮುಖ ನೋಡುತ್ತಾರೆ. ಹೌದು ಎಂಬ ಉತ್ತರ ಬಂದ ವಸ್ತುವೆಲ್ಲ ನಡಿಗೆಗೆ ಸೇರಿದ್ದು. ಇಲ್ಲ ಎಂದು ಬಂದರೆ ಅದು ದೇಹದ ಮೇಲೆ ಬರೆದ ಷರಾ. ಕೆಳಗಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

ಹಂತ 1: ಕಿರಿಕಿರಿ ಯಾವುದು ಪತ್ತೆ ಮಾಡಿ

ಹೊಸದಾಗಿ ಶುರು ಮಾಡಿದವರು ಬಿಟ್ಟುಬಿಡುವುದು ಹೆಚ್ಚಾಗಿ ಚಿಲ್ಲರೆ ಕಾರಣಗಳಿಗೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಮನೆ ಕೀಲಿಕೈ ಎಲ್ಲಿಡಬೇಕೋ ತಿಳಿಯದೆ ಮುಷ್ಟಿಯಲ್ಲೇ ಹಿಡಿದು ಸಾಕಾಯಿತು. ಬೆಳಗಿನ ಕತ್ತಲಲ್ಲಿ ಬೈಕಿನವನು ಮೈಮೇಲೇ ಬಂದ. ಟೈಲ್ಸ್ ನೆಲದ ಮೇಲೆ ಮಂಡಿಯೂರಿದರೆ ನೋವು. ನಿಮ್ಮ ಉಡುಗೊರೆ ಇಂಥ ಒಂದು ಕಿರಿಕಿರಿಯನ್ನು ತೆಗೆದುಹಾಕಿದರೆ ಸಾಕು.

ಅದನ್ನು ತಿಳಿಯಲು ತನಿಖೆ ಮಾಡಬೇಕಿಲ್ಲ. "ವಾಕಿಂಗ್ ಹೇಗಾಗ್ತಿದೆ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. "ಎಷ್ಟೊತ್ತಿಗೆ ಹೊರಡ್ತೀಯ, ಯಾವ ಕಡೆ ಹೋಗ್ತೀಯ, ಅಲ್ಲಿ ನಾಯಿ ಕಾಟ ಇಲ್ವಾ?" ಎಂದು ಕೇಳಿ ನೋಡಿ. ದೂರುಗಳು ತಾವಾಗಿಯೇ ಹೊರಬರುತ್ತವೆ. "ಯಾಕೆ ಶುರು ಮಾಡಿದೆ?" ಎಂದು ಮಾತ್ರ ಕೇಳಬೇಡಿ. ಡಾಕ್ಟರು ಹೇಳಿರಬಹುದು, ಮನಸ್ಸಿಗೆ ಹಗುರವಾಗಲೆಂದು ಹೊರಟಿರಬಹುದು. ಹೇಳಬೇಕೆನಿಸಿದರೆ ಅವಳೇ ಹೇಳುತ್ತಾಳೆ.

ಇನ್ನೊಂದು ಎಚ್ಚರಿಕೆ. ಅವಳು ಶುರು ಮಾಡುವ ಮೊದಲೇ ಕೊಡಬೇಡಿ. "ಮುಂದಿನ ವಾರದಿಂದ ಜಿಮ್‌ಗೆ ಹೋಗ್ಬೇಕು ಅಂತಿದ್ದೀನಿ" ಎಂದ ಮಾರನೇ ದಿನವೇ ಮ್ಯಾಟ್ ಬಂದು ಬಾಗಿಲಲ್ಲಿ ನಿಂತರೆ ಅದು ಸಾಲದ ನೋಟಿಸಿನ ಹಾಗೆ ಕಾಣುತ್ತದೆ. ಎರಡು ಮೂರು ವಾರ ಕಳೆಯಲಿ. ಅಷ್ಟರಲ್ಲಿ ಅವಳಿಗೆ ಏನು ಬೇಕೆಂಬುದು ಅವಳಿಗೂ ಗೊತ್ತಾಗಿರುತ್ತದೆ.

ಹಂತ 2: ಇವನ್ನು ಪಟ್ಟಿಯಿಂದ ತೆಗೆಯಿರಿ

ತೂಕದ ಯಂತ್ರ, ಪ್ರೋಟೀನ್ ಪೌಡರ್, ಗ್ರೀನ್ ಟೀ ಡಬ್ಬಿ, ಡಯಟ್ ಪುಸ್ತಕ, ಬೆವರು ಬರಿಸುವ ಬೆಲ್ಟ್: ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೇಳದೆ ಕೊಡುವ ಜಿಮ್ ಮೆಂಬರ್‌ಶಿಪ್ ಕೂಡ ಇದೇ ಸಾಲಿನದು. ಅವಳು ಹೋಗದಿದ್ದರೆ ನಿಮ್ಮ ದುಡ್ಡು ಹಾಳಾಯಿತೆಂಬ ಸಂಕಟ ಬೇರೆ.

ಜನ ಎಡವುವುದು ಸ್ಮಾರ್ಟ್‌ವಾಚ್ ವಿಷಯದಲ್ಲಿ. ನೋಡಲು ಚೆನ್ನಾಗಿರುತ್ತದೆ, ಬೆಲೆಯೂ ಉಡುಗೊರೆಗೆ ತಕ್ಕಂತಿರುತ್ತದೆ. ಆದರೆ ಡಬ್ಬಿ ತೆರೆದು ಫೋನಿಗೆ ಜೋಡಿಸಿದ ಕೂಡಲೇ ಅದರ ಆ್ಯಪ್ ಸಾಮಾನ್ಯವಾಗಿ ಕೇಳುವುದು ಎತ್ತರ ಮತ್ತು ತೂಕ. ಬರ್ತ್‌ಡೇ ದಿನ ನಾಲ್ಕು ಜನ ಸುತ್ತ ನಿಂತು "ಹಾಕು, ಹಾಕು" ಎನ್ನುವಾಗ ಆ ಸಂಖ್ಯೆಯನ್ನು ಟೈಪ್ ಮಾಡಬೇಕಾಗುತ್ತದೆ. ಆಮೇಲೆ ದಿನವಿಡೀ ಎಷ್ಟು ಕ್ಯಾಲೊರಿ ಕರಗಿತು ಎಂಬ ಲೆಕ್ಕ. ಆ ಲೆಕ್ಕವಾದರೂ ಅಂದಾಜಿನದ್ದೇ. ಅವಳೇ ವಾಚ್ ಬೇಕೆಂದು ಬಾಯಿಬಿಟ್ಟು ಹೇಳಿದ್ದರೆ ಕೊಡಿ. ಇಲ್ಲದಿದ್ದರೆ ಬೇಡ.

ಬಟ್ಟೆಯೂ ಬೇಡ. ಟೀಶರ್ಟಿಗೆ ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಎಂದು ಊಹಿಸುವುದೇ ದೇಹವನ್ನು ಅಳೆದಂತೆ. ದೊಡ್ಡದಾದರೆ "ನನ್ನನ್ನ ಇಷ್ಟು ದಪ್ಪ ಅಂದ್ಕೊಂಡಿದ್ದಾಳೆ", ಚಿಕ್ಕದಾದರೆ "ಇಷ್ಟಕ್ಕೆ ಇಳೀಬೇಕು ಅಂತಿದ್ದಾಳೆ". ಎರಡೂ ಕಡೆ ನಷ್ಟ.

ಹಂತ 3: ಸೊಂಟದಳತೆ ಕೇಳದ ವಸ್ತು ಆರಿಸಿ

ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಸಾಕ್ಸ್. ನಗಬೇಡಿ. ಮನೆಯಲ್ಲಿ ಬಿದ್ದಿರುವ, ಶಾಲೆ ಆಫೀಸಿಗೆ ಹಾಕುವ ಹತ್ತಿ ಸಾಕ್ಸ್ ಧರಿಸಿಯೇ ಬಹಳ ಜನ ವಾಕಿಂಗ್ ಶುರು ಮಾಡುತ್ತಾರೆ. ಹತ್ತಿ ಬೆವರನ್ನು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ. ಒದ್ದೆ ಬಟ್ಟೆ ಒದ್ದೆ ಚರ್ಮಕ್ಕೆ ಉಜ್ಜಿ ಉಜ್ಜಿ ಅರ್ಧ ಗಂಟೆಯಲ್ಲಿ ಬೊಬ್ಬೆ ಬರುತ್ತದೆ. ಅದಕ್ಕೇ ಲೇಬಲ್ಲಿನಲ್ಲಿ ಪಾಲಿಯೆಸ್ಟರ್ ಅಥವಾ ಪಾಲಿಅಮೈಡ್ (ನೈಲಾನಿಗೆ ಇನ್ನೊಂದು ಹೆಸರು) ಹೆಚ್ಚಾಗಿರುವುದನ್ನು ಹುಡುಕಿ. ಜೊತೆಗೆ ಎಲಾಸ್ಟೇನ್, ಅಂದರೆ ರಬ್ಬರಿನಂತೆ ಎಳೆದಾಡುವ ನೂಲು, ಸ್ವಲ್ಪ ಇರಬೇಕು. ಇಲ್ಲದಿದ್ದರೆ ಸಾಕ್ಸ್ ಜಾರಿ ಪಾದದ ಕೆಳಗೆ ಮುದ್ದೆಯಾಗುತ್ತದೆ.

ಕೊಳ್ಳುವ ಮೊದಲು ಸಾಧ್ಯವಾದರೆ ಒಳಮಗ್ಗುಲು ಹೊರಮಾಡಿ ಬೆರಳಿನ ಕಡೆಯ ಹೊಲಿಗೆಯನ್ನು ಸವರಿ ನೋಡಿ. ಹಗ್ಗದಂತೆ ಉಬ್ಬಿದ್ದರೆ ಬಿಡಿ. ಕೈಗೆ ಸಿಕ್ಕರೂ ಸಿಗದಂತೆ ಚಪ್ಪಟೆಯಾಗಿದ್ದರೆ ತೆಗೆದುಕೊಳ್ಳಿ. ಎತ್ತರ ಶೂವಿನ ಅಂಚಿಗಿಂತ ಮೇಲೆ, ಗೆಣ್ಣು ಮುಚ್ಚುವಷ್ಟು ಇರಲಿ. ಹೊರಗೆ ಕಾಣದ 'ನೋ ಶೋ' ಸಾಕ್ಸ್ ಹಿಮ್ಮಡಿಯಿಂದ ಜಾರಿ ಬೊಬ್ಬೆಗೆ ದಾರಿ ಮಾಡಿಕೊಡುತ್ತದೆ. ಸೈಜು ಸಾಕ್ಸಿಗೂ ಇರುತ್ತದೆ, ಆದರೆ ಎರಡು ಮೂರು ಶೂ ನಂಬರುಗಳಿಗೆ ಒಂದೇ ಸೈಜು. "ನಿನ್ನ ಚಪ್ಪಲಿ ನಂಬರ್ ಎಷ್ಟು?" ಎಂದು ಕೇಳುವುದರಲ್ಲಿ ಯಾರಿಗೂ ಮುಜುಗರವಿಲ್ಲ.

ಗೆಳತಿಗೆ ಬಹಳ ವರ್ಷದಿಂದ ಶುಗರ್ ಇದ್ದರೆ ಬೇರೆ ಥರ ಯೋಚಿಸಿ. ಅಂಥವರ ಪಾದದ ಸ್ಪರ್ಶ ಮಂದವಾಗಿರಬಹುದು, ಗಾಯವಾದರೂ ಗೊತ್ತಾಗುವುದಿಲ್ಲ. ಬಿಗಿಯಿಲ್ಲದ ಅಂಚಿನ, ಹೊಲಿಗೆ ಒತ್ತದ, ತಿಳಿ ಬಣ್ಣದ ಸಾಕ್ಸ್ ಕೊಡಿ. ತಿಳಿ ಬಣ್ಣದಲ್ಲಿ ರಕ್ತದ ಕಲೆ ಕಣ್ಣಿಗೆ ಬೀಳುತ್ತದೆ. ಕಾಲಿಗೆ ಶಾಖ ಕೊಡುವ, ಪಾದ ಉಜ್ಜುವ ಸಾಧನಗಳನ್ನು ಅವರಿಗೆ ಕೊಡಬೇಡಿ.

ಎರಡನೆಯದು ಕೀಲಿಕೈ, ಫೋನು, ಇಪ್ಪತ್ತು ರೂಪಾಯಿ ಹಿಡಿಸುವ ಸಣ್ಣ ಚೀಲ. ಚೂಡಿದಾರದಲ್ಲಿ ಜೇಬಿರುವುದಿಲ್ಲ, ಇದ್ದರೂ ಫೋನಿಟ್ಟರೆ ಜೋತಾಡುತ್ತದೆ. ಇಲ್ಲೊಂದು ಬಲೆ ಇದೆ. ಅಂಗಡಿಯವರು ಮೊದಲು ತೋರಿಸುವುದು ಸೊಂಟಕ್ಕೆ ಕಟ್ಟುವ ಪೌಚ್. 'ಫ್ರೀ ಸೈಜ್' ಎಂದೇ ಬರೆದಿರುತ್ತದೆ. ಅದರ ಪಟ್ಟಿಯನ್ನು ಪೂರ್ತಿ ಸಡಿಲಿಸಿದರೂ ಎಲ್ಲರ ಸೊಂಟಕ್ಕೂ ಬರುವುದಿಲ್ಲ, ಕೆಲವರಿಗೆ ಬಕಲ್ ನಾಲ್ಕು ಬೆರಳು ದೂರದಲ್ಲೇ ನಿಂತುಬಿಡುತ್ತದೆ. ಎಷ್ಟು ಪ್ರೀತಿಯಿಂದ ಕೊಟ್ಟಿದ್ದರೂ ಆ ನಾಲ್ಕು ಬೆರಳೇ ನೆನಪಿನಲ್ಲಿ ಉಳಿಯುತ್ತದೆ. ತೋಳಿಗೆ ಕಟ್ಟುವ ಫೋನ್ ಪಟ್ಟಿಗೂ ಇದೇ ತೊಂದರೆ. ಅದರ ಬದಲು ಹೆಗಲಿನಿಂದ ಅಡ್ಡಲಾಗಿ ಹಾಕಿಕೊಳ್ಳುವ ಸ್ಲಿಂಗ್ ಚೀಲ ಕೊಡಿ. ಪಟ್ಟಿ ಉದ್ದವಾಗಿದ್ದು ಗಿಡ್ಡ ಮಾಡಿಕೊಳ್ಳುವಂತಿರಲಿ. ನಡೆಯುವಾಗ ಕುಣಿಯದಂತೆ ಅಂಗೈಯಗಲದ್ದೇ ಸಾಕು.

ಮೂರನೆಯದು ಯೋಗ ಮ್ಯಾಟ್, ಗೆಳತಿ ಮನೆಯಲ್ಲೇ ಮಾಡುವವಳಾದರೆ. ದಪ್ಪ ಇದ್ದಷ್ಟೂ ಒಳ್ಳೆಯದೆಂದು ಹತ್ತು ಹನ್ನೆರಡು ಮಿಲಿಮೀಟರಿನದ್ದು ತರುತ್ತಾರೆ. ಅದರ ಮೇಲೆ ವೃಕ್ಷಾಸನಕ್ಕೆ ಒಂಟಿ ಕಾಲಲ್ಲಿ ನಿಂತರೆ ಪಾದ ಹೂತು ಓಲಾಡುತ್ತದೆ. ಹೊಸಬರಿಗೆ ಅದು ತಮ್ಮದೇ ದೋಷವೆನಿಸುತ್ತದೆ. ಆರು ಮಿಲಿಮೀಟರ್ ಸಾಕು. ಮಂಡಿ ನೋಯುವ ಆಸನಕ್ಕೆ ಮ್ಯಾಟನ್ನೇ ಎರಡು ಮಡಿಕೆ ಮಾಡಿಕೊಳ್ಳಬಹುದು. ಸಾಮಾನ್ಯ ಮ್ಯಾಟಿನ ಉದ್ದ ಸುಮಾರು 173 ಸೆಂಟಿಮೀಟರ್. ಐದು ಅಡಿ ಎಂಟು ಇಂಚು ದಾಟಿದವರು ಅದರ ಮೇಲೆ ಶವಾಸನ ಮಾಡಿದರೆ ತಲೆಯೋ ಹಿಮ್ಮಡಿಯೋ ನೆಲಕ್ಕೆ. ಅವರಿಗೆ 183 ಸೆಂಟಿಮೀಟರಿನದ್ದು ಕೊಡಿ. ತೀರಾ ಹಗುರವಾಗಿರುವ ಇವಿಎ ಮ್ಯಾಟ್, ಅಂದರೆ ಹವಾಯಿ ಚಪ್ಪಲಿಯಂಥ ಫೋಮಿನದ್ದು, ಬೆವರಿದ ಕೈಗೆ ಜಾರುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಹಾಗೇ ಉಳಿದರೆ ಅದನ್ನು ತರಬೇಡಿ. ಹೊಸ ಮ್ಯಾಟಿಗೆ ಘಾಟು ವಾಸನೆ ಇರುತ್ತದೆ. ಕೊಡುವ ಎರಡು ದಿನ ಮೊದಲೇ ನೆರಳಲ್ಲಿ ಹರಡಿಡಿ. ಬಿಸಿಲಿಗೆ ಹಾಕಿದರೆ ಹಪ್ಪಳದಂತೆ ಸೀಳು ಬಿಡುತ್ತದೆ.

ಸ್ವಲ್ಪ ಹೆಚ್ಚು ಖರ್ಚು ಮಾಡುವ ಮನಸ್ಸಿದ್ದರೆ ನವಲಗುಂದದ ಜಮಖಾನೆ ನೋಡಿ. ಜಿಐ ಮಾನ್ಯತೆ, ಅಂದರೆ ಆ ಊರಿನದ್ದೇ ಎಂಬ ಕಾನೂನಿನ ಗುರುತು, ಪಡೆದ ನೇಯ್ಗೆ ಅದು. ಬರಿ ಟೈಲ್ಸ್ ಮೇಲೆ ಹಾಸಿದರೆ ಜಾರುತ್ತದೆ. ಮ್ಯಾಟಿನ ಮೇಲೆ ಹಾಸಿ ಕೂತು ಪ್ರಾಣಾಯಾಮ ಮಾಡಲು ಬಹಳ ಚೆನ್ನ. ವ್ಯಾಯಾಮ ಬಿಟ್ಟರೂ ಮನೆಯಲ್ಲಿ ಅದಕ್ಕೊಂದು ಜಾಗ ಇದ್ದೇ ಇರುತ್ತದೆ.

ನೀರಿನ ಬಾಟಲಿ ಕೊಡುವುದಾದರೆ ಕೈ ಬ್ರಷ್ ಒಳಹೋಗುವಷ್ಟು ಅಗಲ ಬಾಯಿಯ ಸ್ಟೀಲಿನದ್ದು. ತಾಮ್ರದ ಬಾಟಲಿ ನೋಡಲು ಚಂದ, ಆದರೆ ಅದರಲ್ಲಿ ನಿಂಬೆ ಪಾನಕ, ಮಜ್ಜಿಗೆಯಂಥ ಹುಳಿ ಪದಾರ್ಥ ಹಾಕುವಂತಿಲ್ಲ. ಹುಳಿಗೆ ತಾಮ್ರ ಬಿಡುತ್ತದೆ.

ಹಂತ 4: ಶೂ ಕೊಡಲೇಬೇಕೆಂದಿದ್ದರೆ

ವಾಕಿಂಗಿಗೆ ಎಲ್ಲಕ್ಕಿಂತ ಉಪಯೋಗದ್ದು ಶೂ. ಗುಟ್ಟಾಗಿ ಕೊಂಡು ಕೊಡಲು ಎಲ್ಲಕ್ಕಿಂತ ಕಷ್ಟದ್ದೂ ಅದೇ. ಒಂದು ಕಂಪನಿಯ ಏಳು ಇನ್ನೊಂದು ಕಂಪನಿಯ ಏಳಲ್ಲ. ಕಾಲಿಗೆ ಹಾಕುವುದನ್ನು ಉಡುಗೊರೆ ಕೊಟ್ಟರೆ ಸ್ನೇಹ ಕಡಿಯುತ್ತದೆ ಎಂದು ನಂಬುವ ಮನೆಗಳೂ ಇವೆ. ಹಾಗಾಗಿ ಒಂದು ಲಕೋಟೆಯಲ್ಲಿ ದುಡ್ಡೋ ಅಂಗಡಿಯ ವೋಚರೋ ಇಟ್ಟು, ಮೇಲೊಂದು ರೂಪಾಯಿ ಸೇರಿಸಿ, "ಶೂ ಆರಿಸೋಕೆ ಒಟ್ಟಿಗೆ ಹೋಗೋಣ" ಎನ್ನಿ. ಅಲ್ಲಿಗೆ ಅದು ಅವಳೇ ಕೊಂಡ ಶೂ ಆಯಿತು.

ಸಂಜೆ ಹೊತ್ತು ಹೋಗಿ. ದಿನವಿಡೀ ಓಡಾಡಿ ಪಾದ ತುಸು ಊದಿರುತ್ತದೆ, ನಡೆಯುವಾಗಲೂ ಹಾಗೇ ಆಗುವುದರಿಂದ ಅದೇ ಸರಿಯಾದ ಅಳತೆ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗವಿರಬೇಕು, ಹಿಮ್ಮಡಿ ಎದ್ದು ಜಾರಬಾರದು. ಎರಡೂ ಕಾಲಿಗೆ ಹಾಕಿ ಅಂಗಡಿಯೊಳಗೇ ನಾಲ್ಕು ಸುತ್ತು ನಡೆಯಲಿ. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುವುದು ಸಾಮಾನ್ಯ. ದೊಡ್ಡ ಪಾದಕ್ಕೆ ಹೊಂದುವುದನ್ನೇ ತೆಗೆದುಕೊಳ್ಳಿ. "ಹಾಕ್ತಾ ಹಾಕ್ತಾ ಲೂಸಾಗುತ್ತೆ ಮೇಡಂ" ಎಂಬ ಮಾತು ಚರ್ಮದ ಚಪ್ಪಲಿಗೆ ಸರಿ, ಇಂಥ ಶೂವಿಗೆ ನಂಬಬೇಡಿ.

ಹಂತ 5: ಲೆಕ್ಕ ಹಾಕಿ ನೋಡೋಣ

ಮೈಸೂರಿನ ಒಬ್ಬ ಗೆಳತಿ, ಶಾಲಾ ಶಿಕ್ಷಕಿ ಎಂದಿಟ್ಟುಕೊಳ್ಳಿ. ತಿಂಗಳಿಂದ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದಾಳೆ. ಏಳೂವರೆಗೆ ಮಕ್ಕಳ ಡಬ್ಬಿ ಕಟ್ಟಬೇಕಾದ್ದರಿಂದ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾಳೆ. ಮಾತಿನ ನಡುವೆ ಅವಳು ಹೇಳಿದ ದೂರುಗಳು ಮೂರು: ಹಿಮ್ಮಡಿ ಉರಿ, ಕೀಲಿಕೈ ಕೈಯಲ್ಲೇ ಹಿಡಿದಿರಬೇಕು, ಕೆರೆ ತಲುಪುವವರೆಗಿನ ರಸ್ತೆಯಲ್ಲಿ ಗಾಡಿಗಳ ಭಯ. ನಿಮ್ಮ ಬಜೆಟ್ ಸಾವಿರದಿನ್ನೂರು.

ಮೂರು ಜೊತೆ ಸಾಕ್ಸಿಗೆ ಐನೂರು. ಮೂರೇ ಯಾಕೆಂದರೆ ಒಂದು ಕಾಲಲ್ಲಿ, ಒಂದು ತಂತಿಯ ಮೇಲೆ, ಒಂದು ಬೀರುವಿನಲ್ಲಿ ಇರುತ್ತದೆ. ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಸ್ಲಿಂಗ್ ಚೀಲಕ್ಕೆ ನಾನೂರು. ಉಳಿದ ಮುನ್ನೂರಕ್ಕೆ ಚೀಲದ ಪಟ್ಟಿಗೆ ಸಿಕ್ಕಿಸುವ ಪುಟ್ಟ ಕೆಂಪು ಲೈಟು, ಬೆನ್ನ ಕಡೆಗೆ ಬರುವಂತೆ. ಹಿಂದಿನಿಂದ ಬರುವ ಗಾಡಿಗೆ ಅದು ದೂರದಿಂದಲೇ ಕಾಣುತ್ತದೆ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆದರೆ ಹತ್ತಿರದ ಗಾಡಿಗಳು ಎದುರಿನಿಂದಲೇ ಬರುತ್ತವೆ, ಆಗ ಲೈಟನ್ನು ಎದೆಯ ಕಡೆ ತಿರುಗಿಸಿಕೊಂಡರಾಯಿತು. ಇದನ್ನು ಅವಳಿಗೂ ಹೇಳಿ. ಬೆಲೆಗಳು ಅಂದಾಜಿನವು, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆಯಾಗುತ್ತವೆ.

ಮೂರು ವಸ್ತು, ಮೂರೂ ಅವಳ ಬಾಯಿಂದ ಬಂದ ದೂರಿಗೆ ಉತ್ತರ. ಇವುಗಳಲ್ಲಿ ಒಂದಕ್ಕೂ ಅವಳ ತೂಕದ ಗೊಡವೆ ಇಲ್ಲ. ಇದೇ ಸಾವಿರದಿನ್ನೂರಕ್ಕೆ ಅಗ್ಗದ ವಾಚೊಂದು ಬರುತ್ತಿತ್ತು, ಹಿಮ್ಮಡಿ ಉರಿ ಹಾಗೇ ಇರುತ್ತಿತ್ತು.

ಹಂತ 6: ಕೊಡುವಾಗಿನ ಮಾತು

ಸಾಮಾನು ಸರಿಯಿದ್ದೂ ಕೆಲಸ ಕೆಡುವುದು ಇಲ್ಲೇ. ಹತ್ತು ಜನರ ನಡುವೆ ಕೇಕ್ ಕಟ್ ಆದ ಮೇಲೆ ಬಿಚ್ಚುವ ಉಡುಗೊರೆ ಇದಾಗದಿರಲಿ. ನೀವು ಏನೂ ಹೇಳದಿದ್ದರೂ ಪಕ್ಕದಲ್ಲಿದ್ದವರು "ಓಹೋ, ಮೇಡಂ ಸ್ಲಿಮ್ ಆಗೋ ಪ್ಲಾನು" ಎನ್ನುತ್ತಾರೆ. ಇಬ್ಬರೇ ಇರುವಾಗ ಕೊಡಿ. ಹುಟ್ಟುಹಬ್ಬಕ್ಕೆ ಬೇರೆ ಸೀರೆಯೋ ಪುಸ್ತಕವೋ ಕೊಟ್ಟು, ಇದನ್ನು ಯಾವುದೋ ಸಾದಾ ದಿನ ಕೊಟ್ಟರೆ ಇನ್ನೂ ಹಗುರ.

ಚೀಟಿಯಲ್ಲಿ ಅವಳ ದೂರನ್ನೇ ಬರೆಯಿರಿ. "ಕೀಲಿಕೈ ಹಿಡ್ಕೊಂಡು ಓಡಾಡೋದು ಸಾಕು, ಇದ್ರಲ್ಲಿ ಹಾಕ್ಕೊ." ಇಷ್ಟು ಸಾಕು. "ಹೊಸ ನಿನಗಾಗಿ", "ಬಿಡಬೇಡ, ಮುಂದುವರಿಸು", "ಫಿಟ್ ಆಗು" ಎಂಬ ಸಾಲುಗಳು ಬೇಡ. ಮೊದಲನೆಯದು ಹಳೆಯ ಅವಳು ಸರಿಯಿರಲಿಲ್ಲ ಎನ್ನುತ್ತದೆ, ಉಳಿದೆರಡು ಮೇಷ್ಟರ ಮಾತು.

ಹೊಗಳಿಕೆಯಲ್ಲೂ ಎಡವುತ್ತೇವೆ. ತಿಂಗಳಾದ ಮೇಲೆ "ಅಯ್ಯೋ, ಸಣ್ಣ ಆಗಿದ್ದೀಯಲ್ಲೇ!" ಎಂದು ಖುಷಿಯಿಂದ ಹೇಳುತ್ತೀರಿ. ಆಗಿಲ್ಲದ ತಿಂಗಳು ನೀವು ಸುಮ್ಮನಿದ್ದರೆ ಆ ಮೌನವೂ ಕೇಳಿಸುತ್ತದೆ. ಅದಕ್ಕಿಂತ "ಮೊನ್ನೆ ಮೂರನೇ ಮಹಡಿಗೆ ಮಾತಾಡ್ತಾನೇ ಹತ್ತಿಬಿಟ್ಟೆ" ಎನ್ನಿ. ನಿಯಮಿತವಾಗಿ ನಡೆಯುವವರಿಗೆ ಬಿಪಿ, ಶುಗರ್, ನಿದ್ದೆ ಸುಧಾರಿಸುವುದುಂಟು, ತೂಕದ ಮುಳ್ಳು ಅಲ್ಲಾಡದಿದ್ದರೂ.

ಹಂತ 7: ನಿಮ್ಮ ಹೊತ್ತನ್ನೇ ಕೊಡುವುದಾದರೆ

ಭಾನುವಾರ ಬೆಳಗ್ಗೆ ಜೊತೆಗೆ ಬರುತ್ತೇನೆ ಎನ್ನುವುದು ದುಡ್ಡಿಲ್ಲದ ಒಳ್ಳೆಯ ಉಡುಗೊರೆ. ಹೋದ ಮೇಲೆ ಅವಳ ವೇಗಕ್ಕೆ ನೀವು ಹೊಂದಿಕೊಳ್ಳಿ. ಇಬ್ಬರೂ ಪೂರ್ತಿ ವಾಕ್ಯದಲ್ಲಿ ಹರಟುತ್ತಾ ನಡೆಯುವಂತಿದ್ದರೆ ವೇಗ ಸರಿಯಿದೆ. ಅವಳ ಉತ್ತರ "ಹೂಂ", "ಹೌದು" ಎಂದು ತುಂಡಾಗತೊಡಗಿದರೆ ನೀವು ಜೋರಾಗಿ ಹೋಗುತ್ತಿದ್ದೀರಿ.

ವಾಕಿಂಗ್ ಮುಗಿಸಿ ದರ್ಶಿನಿಗೆ ಹೋಗಿ. ಅಲ್ಲಿ "ಇಷ್ಟು ನಡೆದಿದ್ದೀವಲ್ಲ, ಇವತ್ತು ಮಸಾಲೆ ದೋಸೆ ತಿನ್ಬಹುದು" ಎಂದು ಮಾತ್ರ ಹೇಳಬೇಡಿ. ದೋಸೆಗೆ ಕಿಲೋಮೀಟರಿನ ಲೆಕ್ಕ ಕಟ್ಟಿದರೆ ನಡೆಯದ ದಿನ ತಿಂದದ್ದು ಅಪರಾಧವಾಗುತ್ತದೆ. ಹಸಿವಾಗಿದೆ, ತಿನ್ನಿ.

ಓಟದ ಕಾರ್ಯಕ್ರಮವೊಂದರ ಶುಲ್ಕ ಕಟ್ಟಿ ಕೊಡುವ ಯೋಚನೆಯೂ ಕೆಲವರಿಗೆ ಬರುತ್ತದೆ. ಬೆಂಗಳೂರಿನ 10ಕೆ ಓಟದಲ್ಲಿ ಮಜ್ಜಾ ರನ್ ಎಂಬ ಚಿಕ್ಕ ವಿಭಾಗವಿದೆ, ವೇಷ ಹಾಕಿಕೊಂಡು ನಗುತ್ತಾ ನಡೆಯುವವರೂ ಅದರಲ್ಲಿ ಇರುತ್ತಾರೆ. ಒಳ್ಳೆಯದೇ, ಆದರೆ ಅವಳ ಹೆಸರಿನಲ್ಲಿ ನೀವೇ ಫಾರ್ಮ್ ತುಂಬಬೇಡಿ. ಇಂಥ ಫಾರ್ಮುಗಳಲ್ಲಿ ಟೀಶರ್ಟ್ ಸೈಜು, ಆರೋಗ್ಯದ ವಿವರ ಕೇಳುವುದುಂಟು. ಅವಳು ಪಕ್ಕದಲ್ಲಿ ಕೂತು ತುಂಬಲಿ, ದುಡ್ಡು ಕಟ್ಟುವ ಪುಟ ಬಂದಾಗ ಫೋನ್ ನಿಮ್ಮ ಕೈಗೆ ಕೊಡಲಿ. ಇಬ್ಬರ ಹೆಸರೂ ಇದ್ದರೆ ಇನ್ನೂ ಮೇಲು.

ಹಂತ 8: ಕೊಟ್ಟ ಮೇಲೆ

ಬಿಲ್ಲನ್ನು ಎರಡು ವಾರವಾದರೂ ಜೋಪಾನ ಮಾಡಿ, ಬದಲಾಯಿಸಬೇಕಾದರೆ ನಾಚದೆ ಕೇಳು ಎಂದು ಒಮ್ಮೆ ಹೇಳಿಡಿ. ಆಮೇಲೆ ಉಡುಗೊರೆಯ ಸುದ್ದಿ ಎತ್ತಬೇಡಿ. "ಚೀಲ ಉಪಯೋಗಿಸ್ತಿದ್ದೀಯಾ?" ಎಂದರೆ "ವಾಕಿಂಗ್ ಹೋಗ್ತಿದ್ದೀಯಾ?" ಎಂದೇ ಕೇಳಿಸುವುದು.

ಅವಳು ಬಿಟ್ಟೇಬಿಟ್ಟಳು ಎಂದು ಗೊತ್ತಾದರೂ ಹಾಗೇ. ಪರೀಕ್ಷೆ ಕಾಲ, ಮನೆಯಲ್ಲಿ ಕಾಯಿಲೆ, ಮಳೆ, ಏನೂ ಇರಬಹುದು. ಸಾಕ್ಸನ್ನು ಆಫೀಸಿಗೆ ಹಾಕಿಕೊಳ್ಳಲಿ, ಸ್ಲಿಂಗ್ ಚೀಲದಲ್ಲಿ ತರಕಾರಿ ಚೀಟಿ ಇಟ್ಟುಕೊಳ್ಳಲಿ. ಆರು ತಿಂಗಳ ಮೇಲೆ ವಾಕಿಂಗ್ ಬೇಸರವೆಂದು ಈಜು ಕಲಿಯಲು ಸೇರಿದಳೆಂದರೆ ಮತ್ತೆ ಮೊದಲ ಹಂತದಿಂದ ಶುರು ಮಾಡಿ. ಅಲ್ಲಿನ ಮೊದಲ ದೂರು ಸಾಮಾನ್ಯವಾಗಿ ಕ್ಲೋರಿನ್ ನೀರಿಗೆ ಕಣ್ಣು ಉರಿಯುವುದು. ಪಟ್ಟಿ ಹಿಂದೆಮುಂದೆ ಮಾಡಿಕೊಳ್ಳಬಹುದಾದ ಈಜು ಕನ್ನಡಕ ಸಾಕು. ಈಜುಡುಗೆಯನ್ನು ಅವಳೇ ಕೊಳ್ಳಲಿ.